ಮಫಿನ್ ಹಿಟ್ಟು ಕಲಸುವ ಹದ: ಗಂಟು, ಸುರಂಗ, ಗುಮ್ಮಟ (ಪದೇ ಪದೇ ಕೇಳುವ ಪ್ರಶ್ನೆಗಳು)

ಇಲ್ಲಿರುವುದೆಲ್ಲ ಬೇಕಿಂಗ್ ಪೌಡರ್ ಹಾಕಿ, ಬಟ್ಟಲಿನಂಥ ಅಚ್ಚಿನಲ್ಲಿ ಸುಡುವ ಅಮೆರಿಕದ ಮಫಿನ್ ಕುರಿತು. ಇಂಗ್ಲಿಷ್ ಮಫಿನ್ ಎಂದು ಕರೆಯುವುದು ಬೇರೆಯೇ ಪದಾರ್ಥ. ಅದು ಯೀಸ್ಟ್ ಹಾಕಿ ನಾದಿ, ಕಾವಲಿಯ ಮೇಲೆ ಸುಡುವ ಚಪ್ಪಟೆ ಬ್ರೆಡ್. ಅದಕ್ಕೆ ಈ ಉತ್ತರಗಳು ಯಾವುವೂ ಹೊಂದುವುದಿಲ್ಲ.

ಹಿಟ್ಟಿನಲ್ಲಿ ಗಂಟುಗಳಿದ್ದರೂ ಕಲಸುವುದನ್ನು ನಿಲ್ಲಿಸಿ ಎನ್ನುತ್ತಾರೆ. ಇದು ಸರಿಯೇ?

ಸರಿ. ದೋಸೆ ಹಿಟ್ಟಿನಲ್ಲಿ, ಬಜ್ಜಿ ಹಿಟ್ಟಿನಲ್ಲಿ ಒಂದು ಗಂಟೂ ಇರಬಾರದು ಎಂದು ಕಲಿತ ಕೈಗೆ ಇದು ಬಹಳ ಕಷ್ಟದ ಮಾತು. ಗಂಟು ಕಂಡ ಕೂಡಲೇ ಚಮಚ ತಾನಾಗಿಯೇ ತಿರುಗತೊಡಗುತ್ತದೆ. ಆದರೆ ಮಫಿನ್ ಹಿಟ್ಟಿನಲ್ಲಿರುವ ಸಣ್ಣ ಗಂಟು ಎಂದರೆ ಹೊರಗೆ ಒದ್ದೆಯಾಗಿ ಒಳಗೆ ಇನ್ನೂ ಸ್ವಲ್ಪ ಒಣಗಿರುವ ಮೈದಾ, ಅಷ್ಟೇ. ಸುತ್ತಲೂ ಹಾಲು, ಮೊಟ್ಟೆಯ ತೇವ ಬೇಕಾದಷ್ಟಿದೆ. ಹಿಟ್ಟು ಅಚ್ಚಿನಲ್ಲಿ ಕೂತಿರುವಾಗಲೂ ಓವನ್ನಿನಲ್ಲಿ ಬಿಸಿಯಾಗುವಾಗಲೂ ಆ ತೇವ ಒಳಗೆ ಇಳಿಯುತ್ತದೆ. ಕಡಲೆಕಾಳಿನಷ್ಟು ಗಾತ್ರದ ಗಂಟುಗಳು ಬೆಂದ ಮೇಲೆ ಹುಡುಕಿದರೂ ಸಿಗುವುದಿಲ್ಲ. ನೆಲ್ಲಿಕಾಯಿಯಷ್ಟು ದೊಡ್ಡದಿದ್ದರೆ ಮಾತ್ರ ಬಟ್ಟಲಿನ ಗೋಡೆಗೆ ಒತ್ತಿ ಒಡೆಯಿರಿ. ಅದಕ್ಕಾಗಿ ಇಡೀ ಹಿಟ್ಟನ್ನು ತಿರುಗಿಸಬೇಡಿ.

ಹೆಚ್ಚು ಕಲಸಿದರೆ ಒಳಗೆ ಆಗುವುದೇನು?

ಹೋಳಿಗೆಯ ಕಣಕವನ್ನು ನೆನೆಸಿಕೊಳ್ಳಿ. ಮೈದಾಕ್ಕೆ ನೀರು ಹಾಕಿ, ಎಣ್ಣೆ ಬಿಟ್ಟು, ಕೈ ನೋಯುವಷ್ಟು ನಾದುತ್ತೇವೆ. ಮೊದಲು ಹರಿಹರಿದು ಬರುತ್ತಿದ್ದ ಹಿಟ್ಟು ಕೊನೆಗೆ ರಬ್ಬರಿನಂತೆ ಹಿಗ್ಗುತ್ತದೆ. ಹೂರಣವನ್ನು ಒಳಗಿಟ್ಟು ಕಾಗದದಷ್ಟು ತೆಳ್ಳಗೆ ತಟ್ಟಿದರೂ ಹರಿಯುವುದಿಲ್ಲ. ಆ ಹಿಗ್ಗುವ ಗುಣ ಬರುವುದು ಗ್ಲುಟೆನ್‌ನಿಂದ. ಗೋಧಿಯಲ್ಲಿರುವ ಗ್ಲುಟೆನಿನ್, ಗ್ಲಯಡಿನ್ ಎಂಬ ಎರಡು ಪ್ರೋಟೀನುಗಳು ನೀರು ಕುಡಿದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ತಿರುಗಿಸಿದಷ್ಟೂ ನಾದಿದಷ್ಟೂ ಆ ಬಲೆ ಬಿಗಿಯಾಗುತ್ತದೆ.

ಕಣಕಕ್ಕೆ ಯಾವುದು ಗುಣವೋ ಮಫಿನ್‌ಗೆ ಅದೇ ದೋಷ. ಮಫಿನ್‌ನ ತಿರುಳು ಬೆರಳಲ್ಲಿ ಮುರಿದರೆ ಉದುರುದುರಾಗಿ ಬಿಡಿಸಿಕೊಳ್ಳಬೇಕು. ಬಲೆ ಬಿಗಿಯಾದರೆ ಅದು ಮುರಿಯುವುದಿಲ್ಲ, ಎಳೆದುಕೊಂಡು ಹರಿಯುತ್ತದೆ, ಹಲ್ಲಿಗೆ ಜಗಿಯುವಂತಾಗುತ್ತದೆ. ಬಿಸಿಯಿರುವಾಗ ಅಷ್ಟಾಗಿ ತಿಳಿಯದು. ಆರಿದ ಮೇಲೆ, ಅದರಲ್ಲೂ ಮರುದಿನ, ಚೆನ್ನಾಗಿಯೇ ತಿಳಿಯುತ್ತದೆ.

ಹಾಗಾದರೆ ಕೇಕ್ ಹಿಟ್ಟನ್ನು ಅಷ್ಟು ಹೊತ್ತು ಕಡೆದರೂ ಅದು ಗಟ್ಟಿಯಾಗುವುದಿಲ್ಲವಲ್ಲ?

ಕೇಕ್‌ನಲ್ಲಿ ಕಡೆಯುವುದು ಹೆಚ್ಚಾಗಿ ಬೆಣ್ಣೆ ಮತ್ತು ಸಕ್ಕರೆಯನ್ನು. ಮೈದಾ ಬೀಳುವುದು ಕೊನೆಗೆ. ಜೊತೆಗೆ ಸಕ್ಕರೆ, ಬೆಣ್ಣೆ ಎರಡೂ ಅಲ್ಲಿ ಧಾರಾಳ. ಸಕ್ಕರೆ ನೀರನ್ನು ತನ್ನ ಕಡೆಗೆ ಎಳೆದುಕೊಂಡು ಪ್ರೋಟೀನಿಗೆ ಸಿಗದಂತೆ ಮಾಡುತ್ತದೆ, ಜಿಡ್ಡು ಮೈದಾದ ಕಣಗಳಿಗೆ ಸವರಿಕೊಂಡು ನೀರನ್ನು ತಡೆಯುತ್ತದೆ. ಸಾಮಾನ್ಯ ಕೇಕ್‌ನಲ್ಲಿ ಮೈದಾ ಮತ್ತು ಸಕ್ಕರೆಯ ತೂಕ ಹೆಚ್ಚುಕಡಿಮೆ ಸಮ. ಮಫಿನ್‌ನಲ್ಲಿ ಸಕ್ಕರೆ ಮೈದಾದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ. ಗ್ಲುಟೆನ್‌ಗೆ ಅಡ್ಡಿ ಕಡಿಮೆಯಾದಷ್ಟು ನಮ್ಮ ಕೈ ಹಿಡಿತದಲ್ಲಿರಬೇಕು. ಬೇಕರಿಯಲ್ಲಿ ಮಫಿನ್ ಎಂದು ಮಾರುವ ಎಷ್ಟೋ ತಿನಿಸುಗಳು ನಿಜದಲ್ಲಿ ಸಣ್ಣ ಕಪ್ ಕೇಕ್‌ಗಳು. ಅವುಗಳ ಹಿಟ್ಟು ಎಷ್ಟು ತಿರುಗಿದರೂ ತಡೆದುಕೊಳ್ಳುವುದಕ್ಕೆ ಇದೇ ಕಾರಣ.

ಮಫಿನ್ ಕತ್ತರಿಸಿದರೆ ಒಳಗೆ ಉದ್ದುದ್ದ ಸುರಂಗಗಳು ಕಾಣುತ್ತವೆ. ಅವು ಎಲ್ಲಿಂದ ಬಂದವು?

ಮಫಿನ್ ಅನ್ನು ಮೇಲಿನಿಂದ ಕೆಳಕ್ಕೆ ಎರಡು ಹೋಳು ಮಾಡಿ ನೋಡಿ. ಸರಿಯಾದ ಮಫಿನ್‌ನಲ್ಲಿ ರಂಧ್ರಗಳು ಗುಂಡಗೆ, ಸಣ್ಣಗೆ, ಸ್ವಲ್ಪ ಹೆಚ್ಚುಕಡಿಮೆ ಗಾತ್ರದಲ್ಲಿ ಎಲ್ಲ ಕಡೆ ಹರಡಿರುತ್ತವೆ. ಹೆಚ್ಚು ಕಲಸಿದ್ದರಲ್ಲಿ ತಳದ ಹತ್ತಿರ ಹುಟ್ಟಿದ ಕಿರಿದಾದ ಕೊಳವೆಗಳು ಮೇಲಕ್ಕೆ, ತಲೆಯ ತುದಿಯ ಕಡೆಗೆ ಬಾಗಿ ಹೋಗಿರುತ್ತವೆ. ಒಳಗೋಡೆ ನುಣುಪಾಗಿ ಹೊಳೆಯುತ್ತಿರುತ್ತದೆ.

ನಡೆಯುವುದು ಹೀಗೆ. ಬೇಕಿಂಗ್ ಪೌಡರ್‌ನಿಂದ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ಹಾಲಿನ ನೀರು ಆವಿಯಾಗುತ್ತದೆ. ಸಡಿಲವಾದ ಹಿಟ್ಟಿನಲ್ಲಿ ಪ್ರತಿ ಗುಳ್ಳೆಯೂ ತನ್ನ ಜಾಗದಲ್ಲೇ ಸ್ವಲ್ಪ ಹಿಗ್ಗುತ್ತದೆ, ಗೋಡೆ ತಾಳದಿದ್ದರೆ ಒಡೆದು ಪಕ್ಕದ ಗುಳ್ಳೆಗೆ ಸೇರಿಕೊಳ್ಳುತ್ತದೆ, ಅನಿಲ ಅಲ್ಲಲ್ಲಿ ಸೋರಿ ಹೊರಗೆ ಹೋಗುತ್ತದೆ. ಬಿಗಿಯಾದ ಗ್ಲುಟೆನ್ ಇದ್ದರೆ ಗೋಡೆ ಒಡೆಯುವುದಿಲ್ಲ, ಹಿಗ್ಗುತ್ತಲೇ ಹೋಗುತ್ತದೆ. ಅಷ್ಟರಲ್ಲಿ ಅಚ್ಚಿಗೆ ತಾಗಿದ ಅಂಚು, ಬಿಸಿಗಾಳಿಗೆ ಒಡ್ಡಿದ ಮೇಲ್ಭಾಗ ಎರಡೂ ಬೆಂದು ಗಟ್ಟಿಯಾಗಿರುತ್ತವೆ. ಇನ್ನೂ ಮೆತ್ತಗೆ ಉಳಿದಿರುವುದು ನಡುಭಾಗ ಮಾತ್ರ. ಒತ್ತಡ ಹೆಚ್ಚಿದ ಅನಿಲ ಆ ಮೆತ್ತನೆಯ ದಾರಿಯಲ್ಲೇ ಮೇಲಕ್ಕೆ ನುಗ್ಗುತ್ತದೆ. ಅದು ಹೋದ ಹಾದಿಯ ಸುತ್ತ ಹಿಟ್ಟು ಬೆಂದು ನಿಂತರೆ ಸುರಂಗ ತಯಾರು. ತಲೆ ಗುಂಡಗಾಗದೆ ಗೋಪುರದಂತೆ ಚೂಪಾಗುವುದೂ ಇದೇ ತಳ್ಳುವಿಕೆಯಿಂದ.

ಸುರಂಗ ಕಂಡರೆ ಹೆಚ್ಚು ಕಲಸಿದ್ದೇ ಕಾರಣ ಎಂದು ಖಚಿತವಾಗಿ ಹೇಳಬಹುದೇ?

ಬಹುಪಾಲು ಹೌದು, ಆದರೆ ಜೊತೆಗಿರುವ ಲಕ್ಷಣಗಳನ್ನೂ ನೋಡಿ. ಸುರಂಗದೊಡನೆ ನುಣುಪಾದ ಹೊಳೆಯುವ ಮೇಲ್ಮೈ, ಚೂಪು ತಲೆ, ಎಳೆದರೆ ಹರಿಯುವ ತಿರುಳು ಮೂರೂ ಇದ್ದರೆ ಅನುಮಾನ ಬೇಡ. ತಿರುಳು ಮೃದುವಾಗಿಯೇ ಇದ್ದು ಒಂದೆರಡು ದೊಡ್ಡ ತೂತು ಮಾತ್ರ ಇದ್ದರೆ, ಹಿಟ್ಟನ್ನು ಅಚ್ಚಿಗೆ ಹಾಕುವಾಗ ಗಾಳಿ ಸಿಕ್ಕಿಕೊಂಡಿರಬಹುದು ಅಥವಾ ಜರಡಿ ಹಿಡಿಯದ ಬೇಕಿಂಗ್ ಪೌಡರ್‌ನ ಗಂಟೊಂದು ಅಲ್ಲಿ ಕೂತಿರಬಹುದು. ಹಣ್ಣಿನ ತುಂಡಿನ ಸುತ್ತ ಖಾಲಿ ಜಾಗ ಕಂಡರೆ ಅದು ಹಣ್ಣಿನ ನೀರು ಆವಿಯಾದ ಗುರುತು. ಓವನ್ ಬೇಕಾದ್ದಕ್ಕಿಂತ ಬಹಳ ಬಿಸಿಯಿದ್ದರೂ ಮೇಲಿನ ಪದರ ಬೇಗ ಬೆಂದು ಸುರಂಗಕ್ಕೆ ಅನುಕೂಲ ಮಾಡಿಕೊಡುತ್ತದೆ.

ವ್ಯತ್ಯಾಸ ನಿಜಕ್ಕೂ ಅಷ್ಟು ದೊಡ್ಡದೇ? ನೀವೇ ಮಾಡಿ ನೋಡಿದ್ದೀರಾ?

ನೋಡಿದ್ದೇನೆ. ಮನೆಯಲ್ಲಿ ಯಾರಾದರೂ ಮಫಿನ್ ಕಲಿಯಲು ಬಂದರೆ ಮೊದಲು ಮಾಡಿಸುವುದೂ ಇದನ್ನೇ. ಅಳತೆ ಹೀಗಿದೆ: ಮೈದಾ 250 ಗ್ರಾಂ, ಬೇಕಿಂಗ್ ಪೌಡರ್ ಎರಡೂವರೆ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಸಕ್ಕರೆ 120 ಗ್ರಾಂ, ಮೊಟ್ಟೆ ಒಂದು, ಹಾಲು 200 ಮಿಲಿ ಲೀಟರ್, ವಾಸನೆಯಿಲ್ಲದ ಎಣ್ಣೆ 75 ಮಿಲಿ ಲೀಟರ್. ಸಾಮಾನ್ಯ ಗಾತ್ರದ ಅಚ್ಚಿನಲ್ಲಿ ಎಂಟು ಮಫಿನ್‌ಗೆ ಸರಿಹೋಗುತ್ತದೆ. ಪರೀಕ್ಷೆಗೆ ಆರು ಅಚ್ಚು ಸಾಕು, ಉಳಿದ ಹಿಟ್ಟನ್ನು ಕೊನೆಯ ಜೋಡಿಯ ಜೊತೆ ಹಾಕಿಬಿಡಬಹುದು.

ಒಣ ಸಾಮಗ್ರಿಗೆ ಹಾಲು, ಮೊಟ್ಟೆ, ಎಣ್ಣೆಯನ್ನು ಒಂದೇ ಸಲ ಸುರಿದು ಹನ್ನೆರಡು ಬಾರಿ ಮಗುಚಿದೆ. ಒಣ ಮೈದಾದ ಬಿಳಿ ಗೆರೆಗಳು ಆಗಷ್ಟೇ ಮಾಯವಾಗುತ್ತಿದ್ದವು, ಗಂಟುಗಳು ಎದ್ದು ಕಾಣುತ್ತಿದ್ದವು. ಎರಡು ಅಚ್ಚು ತುಂಬಿದೆ. ಉಳಿದದ್ದನ್ನು ಇನ್ನೂ ಹದಿನೈದು ಬಾರಿ ತಿರುಗಿಸಿ ಮತ್ತೆ ಎರಡು. ಕೊನೆಗೆ ಇನ್ನೂ ಅರವತ್ತು ಬಾರಿ. ಆಗ ಹಿಟ್ಟು ರೇಷ್ಮೆಯಂತೆ ನುಣ್ಣಗಾಗಿ ಹೊಳೆಯತೊಡಗಿತು. ಚಮಚ ಎತ್ತಿದರೆ ಮುದ್ದೆಯಾಗಿ ಬೀಳುವ ಬದಲು ಪಟ್ಟಿಯಂತೆ ಎಳೆದುಕೊಂಡು ಜಾರಿತು. ನೋಡುವವರಿಗೆ ಮೂರನೆಯದೇ ಚೆನ್ನಾಗಿ ಕಲಸಿದ ಹಿಟ್ಟು ಅನ್ನಿಸುತ್ತದೆ. ಜನ ಮೋಸಹೋಗುವುದೂ ಇಲ್ಲೇ.

ಬೆಂದು ಬಂದಾಗ ಮೊದಲ ಜೋಡಿಯ ತಲೆ ಹೂಕೋಸಿನಂತೆ ಒರಟೊರಟಾಗಿ ಗುಂಡಗಿತ್ತು. ಎರಡನೆಯದು ಹೆಚ್ಚುಕಡಿಮೆ ಹಾಗೆಯೇ, ಮೇಲ್ಮೈ ಸ್ವಲ್ಪ ನಯ. ತಿಂದರೆ ವ್ಯತ್ಯಾಸ ಹೇಳುವುದು ಕಷ್ಟ. ಮೂರನೆಯದು ಮೊಟ್ಟೆಯ ಚೂಪು ತುದಿಯಂತೆ ಒಂದು ಕಡೆಗೆ ವಾಲಿಕೊಂಡು ಎದ್ದಿತ್ತು, ಮೈ ನುಣುಪು. ಕತ್ತರಿಸಿದರೆ ಬೆಂಕಿಕಡ್ಡಿ ತೂರುವಷ್ಟು ಅಗಲದ ಮೂರು ಸುರಂಗಗಳು. ಇದರಿಂದ ಒಂದು ಸಮಾಧಾನವೂ ಇದೆ: ನಾಲ್ಕು ಸುತ್ತು ಹೆಚ್ಚಾದರೆ ಆಕಾಶ ಕಳಚಿ ಬೀಳುವುದಿಲ್ಲ. ಗಂಟು ಕರಗುವ ತನಕ ಬಿಡುವುದಿಲ್ಲ ಎಂದು ಹಟ ಹಿಡಿದಾಗ ಮಾತ್ರ ಕೆಲಸ ಕೆಡುತ್ತದೆ.

ಸರಿ, ಕಲಸುವ ಕ್ರಮ ಯಾವುದು? ಎಲ್ಲಿ ನಿಲ್ಲಿಸಬೇಕು?

ಎರಡು ಬಟ್ಟಲು ಬೇಕು. ಒಂದರಲ್ಲಿ ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಜರಡಿ ಹಿಡಿದು, ಸಕ್ಕರೆ ಸೇರಿಸಿ ಒಣದಾಗಿಯೇ ಚೆನ್ನಾಗಿ ತಿರುಗಿಸಿ. ಇಲ್ಲಿ ಎಷ್ಟು ಹೊತ್ತು ತಿರುಗಿಸಿದರೂ ತೊಂದರೆಯಿಲ್ಲ, ನೀರಿಲ್ಲದೆ ಗ್ಲುಟೆನ್ ಹುಟ್ಟುವುದಿಲ್ಲ. ಇನ್ನೊಂದರಲ್ಲಿ ಮೊಟ್ಟೆಯನ್ನು ಪೂರ್ತಿ ಒಡೆದು ಕಡೆದು, ಹಾಲು, ಎಣ್ಣೆ ಸೇರಿಸಿ ಒಂದಾಗುವಂತೆ ಕಲಕಿ. ಇದಕ್ಕೂ ಮಿತಿಯಿಲ್ಲ. ಬೇಕಾದಷ್ಟು ಬೆರೆಸುವ ಕೆಲಸವನ್ನೆಲ್ಲ ಎರಡೂ ಸೇರುವ ಮೊದಲೇ ಮುಗಿಸಿಬಿಟ್ಟರೆ ಆಮೇಲೆ ಉಳಿಯುವುದು ಅರ್ಧ ನಿಮಿಷದ ಕೆಲಸ.

ಬೆಣ್ಣೆ ಕರಗಿಸಿ ಹಾಕುವವರು ಹಾಲು, ಮೊಟ್ಟೆಯನ್ನು ಫ್ರಿಜ್‌ನಿಂದ ಮೊದಲೇ ಹೊರಗಿಟ್ಟಿರಬೇಕು. ತಣ್ಣನೆಯ ಹಾಲಿಗೆ ಬಿದ್ದ ಬೆಣ್ಣೆ ಹರಳುಗಟ್ಟುತ್ತದೆ, ಅದನ್ನು ಒಡೆಯಲು ಹೋಗಿ ಮೈದಾವನ್ನೂ ತಿರುಗಿಸಿಬಿಡುತ್ತೇವೆ.

ಈಗ ಒಣ ಹಿಟ್ಟಿನ ನಡುವೆ ಗುಳಿ ಮಾಡಿ ದ್ರವವನ್ನೆಲ್ಲ ಒಂದೇ ಸಲ ಸುರಿಯಿರಿ. ಸ್ವಲ್ಪ ಸ್ವಲ್ಪವೇ ಹಾಕಿದರೆ ಮೊದಲು ಒದ್ದೆಯಾದ ಭಾಗ ಅನಗತ್ಯವಾಗಿ ತಿರುಗುತ್ತದೆ. ರಬ್ಬರ್ ಅಥವಾ ಸಿಲಿಕೋನ್ ಸ್ಪ್ಯಾಚುಲಾವನ್ನು ಬಟ್ಟಲಿನ ಅಂಚಿನಿಂದ ತಳಕ್ಕೆ ಇಳಿಸಿ, ತಳದ ಹಿಟ್ಟನ್ನು ಎತ್ತಿ ಮೇಲಕ್ಕೆ ಮಗುಚಿ, ಬಟ್ಟಲನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ಇಳಿಸಿ. ದುಂಡಗೆ ಕಲಕಬೇಡಿ. ಏಳೆಂಟು ಬಾರಿ ಮಗುಚುವಷ್ಟರಲ್ಲಿ ಮುಕ್ಕಾಲು ಭಾಗ ಸೇರಿರುತ್ತದೆ. ಹಣ್ಣು, ಟೂಟಿ ಫ್ರೂಟಿ, ಚಾಕೊಲೇಟ್ ಚೂರು ಏನೇ ಇದ್ದರೂ ಒಣ ಗೆರೆಗಳು ಇನ್ನೂ ಇರುವಾಗಲೇ, ಅಂದರೆ ಈ ಹಂತದಲ್ಲೇ ಹಾಕಿ. ಹಿಟ್ಟು ಆದ ಮೇಲೆ ಹಾಕಿದರೆ ಅವುಗಳನ್ನು ಹರಡಲು ಮತ್ತೆ ಎಂಟು ಹತ್ತು ಸುತ್ತು ಬೇಕಾಗುತ್ತದೆ. ಬಿಳಿ ಗೆರೆಗಳು ಮಾಯವಾದ ಕ್ಷಣ ಸ್ಪ್ಯಾಚುಲಾ ಕೆಳಗಿಡಿ. ಹನ್ನೆರಡರಿಂದ ಇಪ್ಪತ್ತರ ಒಳಗೆ ಇದು ಮುಗಿಯುತ್ತದೆ. ಎಣಿಕೆಗಿಂತ ಕಣ್ಣನ್ನು ನಂಬುವುದು ಮೇಲು, ಏಕೆಂದರೆ ಬಟ್ಟಲಿನ ಗಾತ್ರ, ಕೈಯ ಬಲ ಎಲ್ಲರಿಗೂ ಒಂದೇ ಅಲ್ಲ.

ಅಚ್ಚಿಗೆ ಹಾಕುವಾಗಲೂ ಕಲಸುವುದು ಮುಂದುವರಿಯುತ್ತದೆ ಎಂಬುದು ನೆನಪಿರಲಿ. ಐಸ್‌ಕ್ರೀಂ ತೆಗೆಯುವ ಸ್ಕೂಪ್ ಅಥವಾ ದೊಡ್ಡ ಸೌಟಿನಿಂದ ಬಟ್ಟಲಿನ ಅಂಚಿನಿಂದಲೇ ಒಂದೊಂದು ಅಚ್ಚಿಗೆ ಒಂದೊಂದೇ ಸಲ ತೆಗೆದು ಹಾಕಿ. ಪ್ರತಿ ಸಲವೂ ನಡುವೆ ಅದ್ದಿ ತಿರುಗಿಸುತ್ತ ಹೋದರೆ ಕೊನೆಯ ಅಚ್ಚಿಗೆ ಬರುವಷ್ಟರಲ್ಲಿ ಆ ಹಿಟ್ಟು ನಮ್ಮ ಮೂರನೆಯ ಜೋಡಿಯ ಹತ್ತಿರ ಹೋಗಿರುತ್ತದೆ.

ಎಲೆಕ್ಟ್ರಿಕ್ ಬೀಟರ್ ಬಳಸಬಹುದೇ?

ಮೊಟ್ಟೆ ಹಾಲು ಕಡೆಯಲು ಬಳಸಿ. ಮೈದಾ ಸೇರಿದ ಮೇಲೆ ಬೇಡ. ಮಿಕ್ಸಿ ಜಾರ್ ಅಂತೂ ಬೇಡವೇ ಬೇಡ.

ಹೆದರಿ ಕಡಿಮೆ ಕಲಸಿದರೆ ಏನಾಗುತ್ತದೆ?

ಕತ್ತರಿಸಿದಾಗ ಒಣ ಮೈದಾದ ಬಿಳಿ ಪುಡಿ ಉದುರುತ್ತದೆ, ತಲೆ ಸರಿಯಾಗಿ ಏಳುವುದಿಲ್ಲ, ತಿರುಳು ಕೈಯಲ್ಲಿ ಹಿಡಿಯುವ ಮೊದಲೇ ಪುಡಿಯಾಗುತ್ತದೆ. ಅಚ್ಚಿಗೆ ಹಾಕುವ ಮೊದಲು ಬಟ್ಟಲಿನ ತಳವನ್ನು ಒಮ್ಮೆ ಕೆರೆದು ನೋಡಿ. ಒಣ ಹಿಟ್ಟು ಅಡಗಿ ಕೂರುವುದು ಅಲ್ಲೇ. ಗಂಟು ಇರಬಹುದು, ಒಣ ಪುಡಿ ಇರಬಾರದು.

ಗುಮ್ಮಟದಂತೆ ದುಂಡಗೆ ಉಬ್ಬಿದ ತಲೆ ಬೇಕು. ಹಾಗಾದರೆ ಹೆಚ್ಚು ಬೇಕಿಂಗ್ ಪೌಡರ್ ಹಾಕಬೇಕೇ?

ಹಾಕಬೇಡಿ. ಒಂದು ಕಪ್, ಅಂದರೆ ಸುಮಾರು 125 ಗ್ರಾಂ ಮೈದಾಕ್ಕೆ ಒಂದರಿಂದ ಒಂದೂವರೆ ಟೀ ಚಮಚ ಸಾಕು. ಹೆಚ್ಚಾದರೆ ಹಿಟ್ಟು ಬೇಯುವ ಮೊದಲೇ ಗುಳ್ಳೆಗಳು ಮಿತಿಮೀರಿ ಹಿಗ್ಗಿ ಒಡೆಯುತ್ತವೆ. ಎದ್ದ ತಲೆ ಅಲ್ಲೇ ಕುಸಿದು ನಡುವೆ ಗುಳಿಬೀಳುತ್ತದೆ, ನಾಲಿಗೆಯಲ್ಲಿ ಒಂದು ಕಹಿ ಉಳಿಯುತ್ತದೆ.

ಗುಮ್ಮಟ ಆಗುವುದು ಅಂಚು ಮತ್ತು ನಡುವಿನ ನಡುವೆ ಇರುವ ಸಮಯದ ಅಂತರದಿಂದ. ಲೋಹದ ಅಚ್ಚಿಗೆ ತಾಗಿರುವ ಹಿಟ್ಟು ಮೊದಲು ಬೆಂದು ನಿಲ್ಲುತ್ತದೆ. ನಡುವಿನದು ಇನ್ನೂ ಹಸಿಯಿದ್ದು ಉಬ್ಬುತ್ತಲೇ ಇರುತ್ತದೆ. ಪಕ್ಕಕ್ಕೆ ಜಾಗವಿಲ್ಲದ್ದರಿಂದ ಮೇಲಕ್ಕೆ ಏಳುತ್ತದೆ. ಅಂಚು ಬೇಗ ಗಟ್ಟಿಯಾಗಿ, ನಡುವಿನ ಹಿಟ್ಟು ಹರಿದು ಹೋಗದಷ್ಟು ದಪ್ಪಗಿದ್ದರೆ ಗುಮ್ಮಟ ಸಿಗುತ್ತದೆ. ಹಿಟ್ಟು ನೀರಾಗಿದ್ದರೆ ಉಬ್ಬಿದ್ದು ಅಂಚಿನ ಮೇಲೆ ಹರಡಿ ಅಣಬೆಯ ಕೊಡೆಯಂತೆ ಚಪ್ಪಟೆಯಾಗುತ್ತದೆ.

ಆದ್ದರಿಂದ ನೋಡಿಕೊಳ್ಳಬೇಕಾದದ್ದು ಹಿಟ್ಟಿನ ಹದ, ಅಚ್ಚು ತುಂಬುವ ಮಟ್ಟ, ಮೊದಲ ಐದಾರು ನಿಮಿಷಗಳ ಶಾಖ. ಹದ ಹೇಗಿರಬೇಕೆಂದರೆ ಚಮಚ ವಾಲಿಸಿದಾಗ ಹಿಟ್ಟು ಸುರಿಯಬಾರದು. ಒಂದು ಕ್ಷಣ ಅಂಟಿಕೊಂಡಿದ್ದು ಮುದ್ದೆಯಾಗಿ ಕೆಳಗೆ ಬೀಳಬೇಕು. ಇಡ್ಲಿ ಹಿಟ್ಟಿಗಿಂತ ದಪ್ಪ, ಉದ್ದಿನ ವಡೆಯ ಹಿಟ್ಟಿಗಿಂತ ತೆಳು.

ಅಚ್ಚನ್ನು ಎಷ್ಟು ತುಂಬಬೇಕು? ಮುಕ್ಕಾಲು ಎಂದು ಎಲ್ಲ ಕಡೆ ಬರೆದಿರುತ್ತದೆ.

ಮುಕ್ಕಾಲು ತುಂಬಿದರೆ ಅಂಚಿನ ಮಟ್ಟಕ್ಕೆ ಬಂದು ನಿಲ್ಲುವ ಅಚ್ಚುಕಟ್ಟಾದ ಮಫಿನ್ ಸಿಗುತ್ತದೆ. ಗುಮ್ಮಟ ಬೇಕಿದ್ದರೆ ಅಂಚಿನವರೆಗೂ ತುಂಬಿ. ಹೇಳಿದ ಹದದ ದಪ್ಪ ಹಿಟ್ಟಾದರೆ ಹೊರಗೆ ಚೆಲ್ಲುವುದಿಲ್ಲ. ತಟ್ಟೆಯ ಮೇಲ್ಮೈಗೆ ಸ್ವಲ್ಪ ಎಣ್ಣೆ ಸವರಿಡಿ, ತಲೆ ಅಲ್ಲಿ ಅಂಟಿಕೊಂಡರೆ ಬಿಡಿಸುವಾಗ ಕಿತ್ತುಬರುತ್ತದೆ. ಹಿಟ್ಟು ಕಡಿಮೆಯಿದ್ದರೆ ಹನ್ನೆರಡು ಗುಳಿಗಳಿಗೂ ಹಂಚುವ ಆಸೆ ಬೇಡ. ಒಂದು ಬಿಟ್ಟು ಒಂದರಂತೆ ಆರು ಗುಳಿ ತುಂಬಿ. ಸುತ್ತ ಖಾಲಿ ಜಾಗವಿದ್ದಷ್ಟು ಬಿಸಿಗಾಳಿ ಚೆನ್ನಾಗಿ ಆಡುತ್ತದೆ, ತಲೆಗಳಿಗೆ ಹರಡಲು ಜಾಗವೂ ಸಿಗುತ್ತದೆ.

ಓವನ್ ಶಾಖ ಎಷ್ಟಿರಬೇಕು? ನನ್ನದು ಸಣ್ಣ ಓಟಿಜಿ.

220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಚ್ಚನ್ನು ನಡುಭಾಗದ ಕಂಬಿಯ ಮೇಲಿಟ್ಟು ಆರು ನಿಮಿಷ ಬಿಡಿ. ಆಮೇಲೆ ಬಾಗಿಲು ತೆರೆಯದೆಯೇ 180ಕ್ಕೆ ಇಳಿಸಿ ಹನ್ನೆರಡರಿಂದ ಹದಿನಾಲ್ಕು ನಿಮಿಷ. ಮೊದಲ ಬಿಸಿ ಅಂಚನ್ನು ನಿಲ್ಲಿಸಿ ಆವಿಯನ್ನು ಜೋರಾಗಿ ಎಬ್ಬಿಸುತ್ತದೆ, ಆಮೇಲಿನ ಕಡಿಮೆ ಬಿಸಿ ಮೇಲ್ಭಾಗ ಕರಕಲಾಗದಂತೆ ನಡುವನ್ನು ಬೇಯಿಸುತ್ತದೆ. ಆರು ನಿಮಿಷಕ್ಕಿಂತ ಬಹಳ ಹೆಚ್ಚು ಹೊತ್ತು 220ರಲ್ಲೇ ಬಿಟ್ಟರೆ ಮೇಲ್ಪದರ ಬಿಗಿದು, ಹೊರಬರಲು ದಾರಿ ಹುಡುಕುವ ಹಿಟ್ಟು ಒಂದು ಕಡೆ ಬಿರುಕುಬಿಟ್ಟು ಜ್ವಾಲಾಮುಖಿಯಂತೆ ಉಕ್ಕುತ್ತದೆ.

ಸಣ್ಣ ಓಟಿಜಿಯ ಮುಖ್ಯ ತೊಂದರೆ ಅದರ ಗುಂಡಿ ಹೇಳುವ ಶಾಖಕ್ಕೂ ಒಳಗಿನ ಶಾಖಕ್ಕೂ ಹೊಂದಿಕೆಯಾಗದಿರುವುದು. ನನ್ನ ಹಳೆಯದರಲ್ಲಿ 200ಕ್ಕೆ ಇಟ್ಟರೆ ಒಳಗೆ 175 ಇರುತ್ತಿತ್ತು. ಎರಡು ವರ್ಷ ಚಪ್ಪಟೆ ಮಫಿನ್ ತಿಂದು ನನ್ನ ಕೈಯನ್ನೇ ಬೈದುಕೊಂಡ ಮೇಲೆ ಒಂದು ಓವನ್ ಥರ್ಮಾಮೀಟರ್ ತಂದು ಒಳಗೆ ತೂಗಹಾಕಿ ನೋಡಿದ್ದು. ಕಂಬಿ ಕೆಂಪಗಾಗಿ ಆರಿದ ಕೂಡಲೇ ಕಾದಿದೆ ಎಂದುಕೊಳ್ಳಬೇಡಿ. ಆಗ ಗಾಳಿ ಮಾತ್ರ ಕಾದಿರುತ್ತದೆ, ಗೋಡೆ ಕಾದಿರುವುದಿಲ್ಲ, ಬಾಗಿಲು ತೆರೆದ ಕ್ಷಣ ಎಲ್ಲ ಹೊರಗೆ ಹೋಗುತ್ತದೆ. ಕನಿಷ್ಠ ಹದಿನೈದು ನಿಮಿಷ ಕಾಯಿಸಿ. ಮೇಲಿನ ಕೆಳಗಿನ ಎರಡೂ ಕಂಬಿ ಉರಿಯುತ್ತಿರಲಿ. ಓವನ್ ಗಿಡ್ಡವಾಗಿದ್ದು ತಲೆ ಮೇಲಿನ ಕಂಬಿಗೆ ಹತ್ತಿರ ಬರುವಂತಿದ್ದರೆ ಒಂದು ಹಂತ ಕೆಳಗಿಡಿ. ಫ್ಯಾನ್ ಇರುವ ಕನ್ವೆಕ್ಷನ್ ಮೈಕ್ರೋವೇವ್ ಆದರೆ ಎರಡೂ ಹಂತದಲ್ಲಿ ಸುಮಾರು 20 ಡಿಗ್ರಿ ಕಡಿಮೆ ಇಡಬಹುದು.

ಬೆಂದಿದೆಯೇ ಎಂದು ತಿಳಿಯಲು ತಲೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ. ಗುಳಿ ಬೀಳದೆ ಮೇಲೆ ಬರಬೇಕು.

ಹಿಟ್ಟನ್ನು ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಸುಟ್ಟರೆ ತಲೆ ಚೆನ್ನಾಗಿ ಏಳುತ್ತದಂತೆ?

ಏಳುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಮುಚ್ಚಿಟ್ಟರೆ ಮೈದಾ ನೀರನ್ನು ಪೂರ್ತಿ ಹೀರಿಕೊಂಡು ಹಿಟ್ಟು ಇನ್ನೂ ದಪ್ಪವಾಗುತ್ತದೆ, ಗಂಟುಗಳೂ ತಾವಾಗಿಯೇ ನೆನೆಯುತ್ತವೆ. ಕಲಸದೆ ಕಲಸಿದ ಫಲ ಸಿಗುವುದು ಹೀಗೆ. ಆದರೆ ಎರಡು ಮಾತು. ಬೇಕಿಂಗ್ ಪೌಡರ್ ಎರಡು ಹಂತದಲ್ಲಿ ಕೆಲಸ ಮಾಡುವಂಥದ್ದಾಗಿರಬೇಕು, ಅಂದರೆ ಒದ್ದೆಯಾದಾಗ ಸ್ವಲ್ಪ ಅನಿಲ ಬಿಟ್ಟು ಉಳಿದದ್ದನ್ನು ಬಿಸಿಯಾದಾಗ ಬಿಡುವಂಥದ್ದು. ಬರೀ ಅಡುಗೆ ಸೋಡಾ ಮತ್ತು ಮೊಸರಿನಿಂದ ಉಬ್ಬುವ ಹಿಟ್ಟನ್ನು ಇಡಬಾರದು. ಅದರ ಅನಿಲ ಬಟ್ಟಲಿನಲ್ಲೇ ಹೊರಟು ಹೋಗುತ್ತದೆ. ಇನ್ನೊಂದು, ಇಟ್ಟ ಹಿಟ್ಟನ್ನು ಮತ್ತೆ ಕಲಕಬೇಡಿ. ಹಾಗೆಯೇ ಸ್ಕೂಪ್‌ನಿಂದ ತೆಗೆದು ಅಚ್ಚಿಗೆ ಹಾಕಿ.

ಮೈದಾ ಬದಲು ಗೋಧಿ ಹಿಟ್ಟು ಅಥವಾ ರಾಗಿ ಹಿಟ್ಟು ಹಾಕಿದರೆ?

ಚಪಾತಿಯ ಗೋಧಿ ಹಿಟ್ಟಿನಲ್ಲಿ ಪ್ರೋಟೀನೂ ಸಾಕಷ್ಟಿದೆ, ಹೊಟ್ಟೂ ಇದೆ. ಹೊಟ್ಟಿನ ಚೂರುಗಳು ಗ್ಲುಟೆನ್ ಬಲೆಯನ್ನು ಅಲ್ಲಲ್ಲಿ ತುಂಡರಿಸುವುದರಿಂದ ಸುರಂಗ ಕಡಿಮೆ. ಆದರೆ ಅದೇ ಹೊಟ್ಟಿನಿಂದ ತಿರುಳು ಒತ್ತಾಗಿ ತಲೆ ಗಿಡ್ಡವಾಗುತ್ತದೆ. ಚಕ್ಕಿಯಲ್ಲಿ ಬೀಸಿದ ಹಿಟ್ಟು ನೀರನ್ನೂ ಹೆಚ್ಚು ಕುಡಿಯುತ್ತದೆ. ಪೂರ್ತಿ ಗೋಧಿ ಹಾಕುವುದಾದರೆ ನಮ್ಮ ಅಳತೆಗೆ ಎರಡು ಮೂರು ದೊಡ್ಡ ಚಮಚ ಹಾಲು ಹೆಚ್ಚಿಸಿ, ಅರ್ಧ ಗಂಟೆ ಇಟ್ಟು ಸುಡಿ.

ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಮೈದಾದ ಮೂರನೇ ಒಂದು ಭಾಗದಷ್ಟು ರಾಗಿ ಹಾಕಿದರೆ ಉಳಿದ ಮೈದಾ ಹಿಡಿದುಕೊಳ್ಳುತ್ತದೆ, ಹೆಚ್ಚು ಕಲಸುವ ಭಯವೂ ಕಡಿಮೆಯಾಗುತ್ತದೆ. ಬರೀ ರಾಗಿಯಿಂದ ಗುಮ್ಮಟ ನಿರೀಕ್ಷಿಸಬೇಡಿ.

ಮೊಟ್ಟೆ ಹಾಕುವುದಿಲ್ಲ. ಗುಮ್ಮಟ ಬರುತ್ತದೆಯೇ?

ಬರುತ್ತದೆ, ಸ್ವಲ್ಪ ತಗ್ಗಾಗಿ. ಬೇಯುವಾಗ ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗಿ ಎದ್ದ ತಲೆಯನ್ನು ಹಿಡಿದು ನಿಲ್ಲಿಸುತ್ತದೆ. ಅದಿಲ್ಲದಿದ್ದರೆ ಮೈದಾದ ಪಿಷ್ಟ ಮತ್ತು ಗ್ಲುಟೆನ್ ಮಾತ್ರ ಆಧಾರ. ಇದಕ್ಕಾಗಿಯೇ ಮೊಟ್ಟೆಯಿಲ್ಲದ ಹಿಟ್ಟನ್ನು ಜನ ಗಟ್ಟಿಯಾಗಿ ಕಲಸಲು ಹೋಗುತ್ತಾರೆ, ಜಿಗುಟು ಮಫಿನ್ ತೆಗೆಯುತ್ತಾರೆ. ನಮ್ಮ ಅಳತೆಯಲ್ಲಿ ಮೊಟ್ಟೆ ಬಿಟ್ಟು, ಹಾಲಿನಲ್ಲಿ 120 ಮಿಲಿ ಲೀಟರ್ ತೆಗೆದು, ಅದರ ಜಾಗಕ್ಕೆ 180 ಮಿಲಿ ಲೀಟರ್ ಗಟ್ಟಿ ಮೊಸರು ಹಾಕಿ. ಅರ್ಧ ಕಪ್ ಮೊಸರಿಗೆ ಕಾಲು ಟೀ ಚಮಚ ಅಡುಗೆ ಸೋಡಾ ಎಂಬ ಲೆಕ್ಕದಲ್ಲಿ ಕಾಲು ಚಮಚಕ್ಕಿಂತ ತುಸು ಹೆಚ್ಚು ಸೋಡಾ ಸಾಕು. ಕಾಲು ಚಮಚ ಸೋಡಾ ಸುಮಾರು ಒಂದು ಚಮಚ ಬೇಕಿಂಗ್ ಪೌಡರ್‌ಗೆ ಸಮ. ಆದ್ದರಿಂದ ಪೌಡರನ್ನು ಒಂದು ಚಮಚಕ್ಕೆ ಇಳಿಸಿ. ಸೋಡಾ ಹೆಚ್ಚಾದರೆ ತಿರುಳು ಕಂದುಬಣ್ಣಕ್ಕೆ ತಿರುಗಿ ಸಾಬೂನಿನ ರುಚಿ ಬರುತ್ತದೆ. ಈ ಹಿಟ್ಟನ್ನು ಕಲಸಿದ ಕೂಡಲೇ ಓವನ್ನಿಗೆ ಇಡಿ.

ಮಂಗಳೂರಿನಲ್ಲಿ ಚೆನ್ನಾಗಿ ಬರುತ್ತಿದ್ದ ಅಳತೆ ಮಡಿಕೇರಿಗೆ ಬಂದ ಮೇಲೆ ಕುಸಿಯುತ್ತಿದೆ. ಏಕೆ?

ಎತ್ತರದಿಂದ. ಗಾಳಿಯ ಒತ್ತಡ ಕಡಿಮೆಯಾದಷ್ಟು ಅದೇ ಅನಿಲ ಹೆಚ್ಚು ಹಿಗ್ಗುತ್ತದೆ, ಹಿಟ್ಟು ಬೆಂದು ನಿಲ್ಲುವ ಮೊದಲೇ ಗುಳ್ಳೆಗಳು ಒಡೆಯುತ್ತವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ದಾಟಿದ ಮೇಲೆ ಅಳತೆ ತಿದ್ದುವುದು ವಾಡಿಕೆ. ಬೆಂಗಳೂರು ಆ ಗಡಿಯಲ್ಲೇ ಕೂತಿದೆ, ಅಲ್ಲಿ ಸಾಮಾನ್ಯವಾಗಿ ಏನೂ ಮಾಡಬೇಕಾಗಿಲ್ಲ. ಮಡಿಕೇರಿ 1,100 ಮೀಟರ್‌ಗಿಂತ ಮೇಲಿದೆ. ಪ್ರತಿ ಟೀ ಚಮಚ ಬೇಕಿಂಗ್ ಪೌಡರ್‌ನಲ್ಲಿ ಎಂಟನೇ ಒಂದು ಭಾಗ ಕಡಿಮೆ ಮಾಡಿ, ಒಂದು ದೊಡ್ಡ ಚಮಚ ಹಾಲು ಹೆಚ್ಚಿಸಿ ನೋಡಿ.

ಬೇಕಿಂಗ್ ಪೌಡರ್ ಹಳೆಯದಾಗಿದೆ. ಹಾಕಬಹುದೇ?

ಅರ್ಧ ಲೋಟ ಬಿಸಿನೀರಿಗೆ ಒಂದು ಚಮಚ ಹಾಕಿ. ಕೂಡಲೇ ಜೋರಾಗಿ ನೊರೆ ಎದ್ದರೆ ಹಾಕಿ, ಸುಮ್ಮನೆ ತಳ ಸೇರಿದರೆ ಎಸೆಯಿರಿ. ಮಳೆಗಾಲದಲ್ಲಿ ಒದ್ದೆ ಚಮಚ ಅದ್ದಿದ ಡಬ್ಬಿಗಳು ದಿನಾಂಕ ಮುಗಿಯುವ ಮೊದಲೇ ಸತ್ತಿರುತ್ತವೆ.

ಹಿಟ್ಟು ಹೆಚ್ಚು ಕಲಸಿಬಿಟ್ಟೆ ಎಂದು ಈಗ ಗೊತ್ತಾಯಿತು. ಸರಿಪಡಿಸಬಹುದೇ?

ಹೆಣೆದುಕೊಂಡ ಬಲೆಯನ್ನು ಬಿಡಿಸಲಾಗುವುದಿಲ್ಲ. ಆದರೆ ಸ್ವಲ್ಪ ಸಡಿಲಿಸಬಹುದು. ಕಣಕ ನೆನೆದಷ್ಟು ಮೆತ್ತಗಾಗುವಂತೆ ಈ ಹಿಟ್ಟೂ ಅರ್ಧ ಗಂಟೆ ಬಿಟ್ಟರೆ ಬಿಗಿ ಕಡಿಮೆಯಾಗುತ್ತದೆ. ಎರಡು ಹಂತದ ಬೇಕಿಂಗ್ ಪೌಡರ್ ಇದ್ದರೆ ಹಾಗೆ ಮಾಡಿ, 220 ಬಿಟ್ಟು ಮೊದಲಿನಿಂದಲೂ 180ರಲ್ಲೇ ಸುಡಿ. ತಲೆ ತಗ್ಗಾದರೂ ಸುರಂಗ ಕಡಿಮೆ. ಈಗಾಗಲೇ ಸುಟ್ಟಾಗಿದ್ದರೆ, ಮರುದಿನ ಬೆಳಿಗ್ಗೆ ಅಡ್ಡಕ್ಕೆ ಸೀಳಿ, ಕಾವಲಿಗೆ ಬೆಣ್ಣೆ ಹಾಕಿ, ಕತ್ತರಿಸಿದ ಮೈಯನ್ನು ಕೆಳಮುಖ ಮಾಡಿ ಕೆಂಪಗೆ ಸುಡಿ. ಬೆಣ್ಣೆ ಸುರಂಗದೊಳಗೆ ಇಳಿದುಕೊಳ್ಳುತ್ತದೆ. ಆ ಒಂದು ಕೆಲಸಕ್ಕೆ ಅವು ಹೇಳಿ ಮಾಡಿಸಿದಂತಿವೆ.